ಕ್ಷಮೆ ಬೇರೆ, ವಿಶ್ವಾಸ ಬೇರೆ

ಶ್ರೀಹರಿವಾಯುಗುರುಗಳ ಚರಣಾರವಿಂದಗಳಿಗೆ ವಂದಿಸಿ, ಸಜ್ಜನರ ಮುಂದೆ ಒಂದು ಲೌಕಿಕ ವಿಷಯವನ್ನೇ ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸಲು ಅಪೇಕ್ಷಿಸುತ್ತೇನೆ. ಕಳೆದ ಏಕಾದಶಿಯ ಸಂಜೆ ಪ್ರವಚನ ಮುಗಿದ ಬಳಿಕ ಠಾಣೆಯ ಗೃಹಸ್ಥರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಮೋಸ ಮಾಡಿದ ಗೆಳೆಯ ಈಗ ಮನೆಗೆ ಬರುತ್ತೇನೆ ಎನ್ನುತ್ತಾನೆ. ಬರಬೇಡ ಎಂದರೆ ಕ್ಷಮಾಗುಣವಿಲ್ಲದವನಾಗುತ್ತೇನೆ, ಬಾ ಎಂದರೆ ಮೂರ್ಖನಾಗುತ್ತೇನೆ. ಏನು ಮಾಡಲಿ?” ಅವರ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿದ್ದವು. ಕ್ಷಮಿಸಬೇಕೇ ಎಂಬುದು ಒಂದು, ಮತ್ತೆ ಸ್ನೇಹ ಬೆಳೆಸಬೇಕೇ ಎಂಬುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ನಾವು ಕಷ್ಟಕ್ಕೆ ಸಿಲುಕುತ್ತೇವೆ.

ಶಬ್ದಗಳ ಅರ್ಥವನ್ನೇ ಮೊದಲು ನೋಡೋಣ. ಕ್ಷಮಾ ಎಂಬ ಶಬ್ದ ಹುಟ್ಟಿದ ಧಾತುವಿಗೆ ಸಹಿಸುವುದು ಎಂದರ್ಥ. ಎಲ್ಲವನ್ನೂ ಹೊತ್ತು ಸಹಿಸುವ ಭೂಮಿಗೂ ಅದೇ ಹೆಸರು. ಅಂದರೆ ಕ್ಷಮೆಯೆಂಬುದು ನನ್ನೊಳಗೆ ನಡೆಯುವ ಕ್ರಿಯೆ. ಪ್ರತೀಕಾರಕ್ಕೆ ಕೈ ಎತ್ತದೆ, ನೋವನ್ನು ಅರಗಿಸಿಕೊಳ್ಳುವ ಶಕ್ತಿ ಅದು. ಎದುರಿನವನು ಊರಿನಲ್ಲಿದ್ದರೂ, ಇಲ್ಲದಿದ್ದರೂ, ಸತ್ತೇ ಹೋಗಿದ್ದರೂ ಅದನ್ನು ಮಾಡಬಹುದು. ವಿಶ್ವಾಸ ಎಂಬ ಶಬ್ದವು ಶ್ವಾಸಕ್ಕೆ ಸಂಬಂಧಿಸಿದ್ದು. ಒಬ್ಬನ ಮಗ್ಗುಲಲ್ಲಿ ನಿಶ್ಚಿಂತೆಯಿಂದ ಉಸಿರಾಡಬಲ್ಲೆ ಎಂಬ ಸ್ಥಿತಿಯೇ ವಿಶ್ವಾಸ. ಇದು ಇಬ್ಬರು ಸೇರಿ ಕಟ್ಟಬೇಕಾದದ್ದು. ನಾನೊಬ್ಬನೇ ಸಂಕಲ್ಪ ಮಾಡಿದರೆ ಬರುವುದಿಲ್ಲ. ಕ್ಷಮಿಸಿದೆನೆಂದ ಮಾತ್ರಕ್ಕೆ ಹಿಂದಿನಂತೆಯೇ ಉಸಿರಾಡಬಲ್ಲೆನೆಂದು ಯಾರೂ ಹೇಳಲಾರರು. ಹಾಗೆ ಆಗದಿದ್ದರೆ ಕ್ಷಮೆ ಸುಳ್ಳೆಂದೂ ಅಲ್ಲ.

ಇದಕ್ಕೆ ಮಹಾಭಾರತದ ವನಪರ್ವದಲ್ಲಿ ಬಹು ಉಪಯುಕ್ತವಾದ ವಿಚಾರವಿದೆ. ದ್ವೈತವನದಲ್ಲಿ ದ್ರೌಪದೀದೇವಿಯು ಧರ್ಮರಾಜನನ್ನು ಕುರಿತು, ಕೌರವರು ಇಷ್ಟೆಲ್ಲ ಮಾಡಿದ ಮೇಲೂ ನಿನಗೆ ಕೋಪವೇಕೆ ಬರುವುದಿಲ್ಲ ಎಂದು ಪ್ರಶ್ನಿಸುತ್ತಾಳೆ. ಆ ಸಂದರ್ಭದಲ್ಲಿ ಅವಳು ಒಂದು ಪ್ರಾಚೀನ ಸಂವಾದವನ್ನು ನೆನಪಿಸುತ್ತಾಳೆ. ಬಲಿಚಕ್ರವರ್ತಿಯು ತನ್ನ ತಾತನಾದ ಪ್ರಹ್ಲಾದನನ್ನು, ಕ್ಷಮೆ ಮೇಲೋ ತೇಜಸ್ಸು ಮೇಲೋ ಎಂದು ಕೇಳುತ್ತಾನೆ. ನಮಗೆ ಪ್ರಹ್ಲಾದರಾಜರ ಹೆಸರು ಬರುತ್ತಲೇ ಮಂತ್ರಾಲಯದ ಗುರುಗಳ ಸ್ಮರಣೆ ಆಗುತ್ತದೆ. ಹೀಗಾಗಿ ಅವರು ಯಾವಾಗಲೂ ಕ್ಷಮಿಸು ಎಂದೇ ಹೇಳಿರಬೇಕೆಂದು ಊಹಿಸುತ್ತೇವೆ. ಅವರ ಉತ್ತರ ಹಾಗಿಲ್ಲ. ಸದಾ ತೇಜಸ್ಸೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ ಎನ್ನುತ್ತಾರೆ.

ಸದಾ ಕ್ಷಮಿಸುವವನನ್ನು ಆಳುಕಾಳುಗಳೂ ಲೆಕ್ಕಿಸುವುದಿಲ್ಲ. ಅವನ ವಾಹನ, ವಸ್ತ್ರ, ಆಸನಗಳನ್ನು ತಮ್ಮವೆಂಬಂತೆ ಬಳಸುತ್ತಾರೆ, ಎದುರಿಗೇ ಕಟುವಾಗಿ ಮಾತನಾಡುತ್ತಾರೆ. ಎಂದೂ ಕ್ಷಮಿಸದವನಿಂದ ಮಿತ್ರರು ದೂರ ಸರಿಯುತ್ತಾರೆ. ಮನೆಯೊಳಗೆ ಸೇರಿದ ಹಾವಿಗೆ ಹೆದರುವಂತೆ ಜನ ಅವನಿಗೆ ಹೆದರುತ್ತಾರೆ. ಹಾಗಾದರೆ ಕ್ಷಮಿಸುವ ಕಾಲ ಯಾವುದು? ಪ್ರಹ್ಲಾದರು ಅದನ್ನು ಬಿಡಿಸಿ ಹೇಳುತ್ತಾರೆ. ಹಿಂದೆ ಉಪಕಾರ ಮಾಡಿದವನು ದೊಡ್ಡ ಅಪರಾಧ ಮಾಡಿದರೂ ಆ ಉಪಕಾರವನ್ನು ನೆನೆದು ಕ್ಷಮಿಸಬೇಕು. ತಿಳಿವಳಿಕೆಯಿಲ್ಲದೆ ತಪ್ಪಿದವನನ್ನು, ಎಲ್ಲರಿಗೂ ಎಲ್ಲೆಡೆ ವಿವೇಕ ಸುಲಭವಲ್ಲವೆಂದು ತಿಳಿದು, ಚೆನ್ನಾಗಿ ಪರೀಕ್ಷಿಸಿದ ಮೇಲೆ ಕ್ಷಮಿಸಬೇಕು. ಯಾರದೇ ಆಗಲಿ, ಮೊದಲನೆಯ ಅಪರಾಧ ಕ್ಷಮಾರ್ಹ. ಎರಡನೆಯದು ಅಲ್ಪವಾದರೂ ದಂಡನಾರ್ಹ. ಬುದ್ಧಿಪೂರ್ವಕವಾಗಿ ಮಾಡಿ, ಆಮೇಲೆ ತಿಳಿಯದೆ ಮಾಡಿದೆನೆಂದು ನಟಿಸುವವನನ್ನು ಮಾತ್ರ, ತಪ್ಪು ಎಷ್ಟೇ ಸಣ್ಣದಾದರೂ ಬಿಡಬಾರದು. ಇಷ್ಟರ ಮೇಲೆ ದೇಶ, ಕಾಲ, ತನ್ನ ಬಲಾಬಲಗಳನ್ನು ನೋಡಿ ನಡೆಯಬೇಕು.

ಈ ಮಾತುಗಳು ರಾಜನನ್ನು ಉದ್ದೇಶಿಸಿ ಹೇಳಿದವು, ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿರುವ ನಮಗೇಕೆ ಎಂದು ಕೇಳಬಹುದು. ನಾನೂ ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದೆ. ನನ್ನ ಜೀವನದಲ್ಲೇ ಅವುಗಳನ್ನು ಒರೆಗೆ ಹಚ್ಚುವ ಪ್ರಸಂಗ ಬಂದಿತಾದ್ದರಿಂದ, ಸಂಕೋಚವಿದ್ದರೂ ಅದನ್ನು ನಿವೇದಿಸುತ್ತೇನೆ.

1981ರಲ್ಲಿ ನಾನು ರೈಲ್ವೆ ನೌಕರಿಗೆಂದು ಕಲ್ಯಾಣಕ್ಕೆ ಬಂದಾಗ ತಲೆಯ ಮೇಲೆ ಸೂರಿರಲಿಲ್ಲ. ನಮ್ಮ ಕಡೆಯವನೇ ಆದ ಒಬ್ಬ ಮಿತ್ರ ತನ್ನ ಚಾಳಿನ ಒಂದೇ ಕೋಣೆಯಲ್ಲಿ ನನಗೆ ಜಾಗ ಕೊಟ್ಟ. 1983ರ ಮಳೆಗಾಲದಲ್ಲಿ ನನಗೆ ವಿಷಮಶೀತಜ್ವರ ಬಂದು ಮೂರು ವಾರ ಮಲಗಿದಾಗ, ಮಡಿಯುಟ್ಟು ಗಂಜಿ ಬೇಯಿಸಿ ಕುಡಿಸಿದವನೂ ಅವನೇ. ಮುಂದೆ ನಮ್ಮಿಬ್ಬರಿಗೂ ಸಂಸಾರಗಳಾದವು, ಮನೆಗಳು ಬೇರೆಯಾದವು, ಸ್ನೇಹ ಹಾಗೆಯೇ ಇತ್ತು. 1994ರಲ್ಲಿ ಅವನು ಒಂದು ಸಹಕಾರಿ ಪತ್ತಿನ ಸಂಸ್ಥೆಯಲ್ಲಿ 40,000 ರೂಪಾಯಿ ಸಾಲ ಪಡೆಯುವಾಗ ಇಬ್ಬರು ಜಾಮೀನುದಾರರು ಬೇಕಾದರು. ನಾನೂ ಮತ್ತೊಬ್ಬ ಪರಿಚಿತರೂ ಸಹಿ ಹಾಕಿದೆವು. ಕೆಲವೇ ಕಂತು ಕಟ್ಟಿ, ಮರುವರ್ಷ ಅವನು ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಯಾರಿಗೂ ಹೇಳದೆ ಊರು ಬಿಟ್ಟ.

ಜಾಮೀನು ಎಂದರೆ ಬರಿಯ ಸಾಕ್ಷಿಯ ಸಹಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಂಸ್ಥೆಯವರು ಮೊದಲು ಸಾಲಗಾರನನ್ನು ಹುಡುಕಿ ಆಮೇಲೆ ನಮ್ಮ ಬಳಿ ಬರಬೇಕೆಂಬ ನಿಯಮವಿಲ್ಲ. ಬಡ್ಡಿ ಸೇರಿ ಉಳಿದಿದ್ದ 36,000 ರೂಪಾಯಿಯಲ್ಲಿ ಅರ್ಧ ನನ್ನ ಪಾಲಿಗೆ ಬಂದಿತು. ತಿಂಗಳಿಗೆ 600 ರೂಪಾಯಿಯಂತೆ 30 ತಿಂಗಳು ನನ್ನ ಸಂಬಳದಿಂದ ಕಡಿತವಾಯಿತು. ಆ ದಿನಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಮಗನ ಶಾಲೆಯ ಶುಲ್ಕಕ್ಕಾಗಿ ನಮ್ಮ ಮನೆಯವರು ತವರಿನಿಂದ ತಂದ ಎರಡು ಬಳೆಗಳನ್ನು ಮಾರಬೇಕಾಯಿತು.

ಅದೇ ಕಾಯಿದೆಯ 145ನೆಯ ಕಲಮು, ಜಾಮೀನುದಾರನು ನ್ಯಾಯವಾಗಿ ತೆತ್ತ ಹಣವನ್ನು ಸಾಲಗಾರನಿಂದ ಮರಳಿ ಪಡೆಯುವ ಹಕ್ಕನ್ನು ಕೊಡುತ್ತದೆ. ಆದರೆ ಹಣ ತೆತ್ತ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ನಾನು ಹೂಡಲಿಲ್ಲ. ಗಡುವು ಕಳೆದ ಮೇಲೆ, “ಹೋಗಲಿ ಬಿಡಿ, ನಾನು ಅವನನ್ನು ಕ್ಷಮಿಸಿಬಿಟ್ಟೆ” ಎಂದು ಹೇಳಿಕೊಂಡು ತಿರುಗಿದೆ. ಸಜ್ಜನರೇ, ಅದು ಕ್ಷಮೆಯಾಗಿರಲಿಲ್ಲ. ಶಕ್ತನಾದವನ ಕ್ಷಮೆಯೇ ಭೂಷಣವೆಂದು ವಿದುರನು ಧೃತರಾಷ್ಟ್ರನಿಗೆ ಹೇಳುತ್ತಾನೆ. ನಾನು ಅಶಕ್ತನಾಗಿ, ವಿಳಾಸ ತಿಳಿಯದೆ, ವಕೀಲರ ಖರ್ಚಿಗೆ ಹೆದರಿ ಸುಮ್ಮನಿದ್ದವನು.

ಅದು ಕ್ಷಮೆಯಲ್ಲವೆಂದು ತಿಳಿದದ್ದು ಹೇಗೆ? ಎರಡು ಗುರುತುಗಳಿಂದ. ಬೆಳಿಗ್ಗೆಯ ಲೋಕಲ್ ಗಾಡಿಯಲ್ಲಿ ನಮ್ಮದೊಂದು ಭಜನಾ ಮಂಡಳಿ ಇತ್ತು. ಹೊಸಬರು ಯಾರು ಸೇರಿದರೂ, ಠಾಣೆ ಬರುವುದರೊಳಗೆ ಈ ಕಥೆಯನ್ನು ಅವರಿಗೆ ನಾನು ಹೇಳಿ ಮುಗಿಸುತ್ತಿದ್ದೆ. ಪ್ರತಿ ಸಲವೂ ನನ್ನ ಒಳ್ಳೆಯತನ ಸ್ವಲ್ಪ ಬೆಳೆಯುತ್ತಿತ್ತು, ಅವನ ಗಂಜಿಯ ಪ್ರಸಂಗ ಮಾತ್ರ ಕಥೆಯಿಂದ ಬಿಟ್ಟುಹೋಗುತ್ತಿತ್ತು. ಇದು ಮೊದಲನೆಯ ಗುರುತು. ಅವನ ವ್ಯಾಪಾರ ಮುಳುಗಿತಂತೆ ಎಂದು ಯಾರೋ ಹೇಳಿದ ದಿನ ನನಗೆ ಊಟ ರುಚಿಸಿತು. ಇದು ಎರಡನೆಯದು. ಕ್ಷಮಿಸಿದ್ದೇವೋ ಇಲ್ಲವೋ ಎಂದು ತಿಳಿಯಲು ಈ ಎರಡನ್ನು ಯಾರು ಬೇಕಾದರೂ ತಮ್ಮಲ್ಲೇ ನೋಡಿಕೊಳ್ಳಬಹುದು. ಕಥೆಯನ್ನು ಕೇಳದವರಿಗೂ ಹೇಳುತ್ತಿದ್ದೇವೆಯೇ? ಅವನ ಕೇಡಿನ ಸುದ್ದಿ ಸಿಹಿಯಾಗುತ್ತದೆಯೇ?

22 ವರ್ಷಗಳ ಬಳಿಕ, 2017ರಲ್ಲಿ, ಶ್ರೀರಾಯರ ಆರಾಧನೆಯ ಮಧ್ಯಾಹ್ನ ತೀರ್ಥಪ್ರಸಾದದ ಪಂಕ್ತಿಯ ಕೊನೆಯಲ್ಲಿ ಅವನು ನಿಂತಿದ್ದ. ಕೂದಲು ಪೂರ್ತಿ ನರೆತಿತ್ತು. ಈಗ ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಮಗಳ ಮನೆಯಲ್ಲಿರುವುದಾಗಿಯೂ, ಠಾಣೆಯಲ್ಲಿ ಗಾಡಿ ಬದಲಿಸಿ ಬಂದುದಾಗಿಯೂ ಹೇಳಿದ. ಹಿಂದೆ ನನ್ನನ್ನು ‘ಏನೋ’ ಎಂದೇ ಕರೆಯುತ್ತಿದ್ದವನು ಅಂದು “ನೀವು ಒಪ್ಪಿದರೆ ಒಂದು ದಿನ ಮನೆಗೆ ಬಂದು ಮಾತನಾಡುತ್ತೇನೆ” ಎಂದ. ಆ ‘ನೀವು’ ನನಗೆ ಚುಚ್ಚಿತು. ಒಂದು ವಾರದ ಅವಕಾಶ ಕೇಳಿದೆ. ಕೂಡಲೇ ಹೂಂ ಎನ್ನುವುದೂ, ಕೂಡಲೇ ಊಹೂಂ ಎನ್ನುವುದೂ ಅಂದಿನ ಆವೇಶದ ಮಾತಾಗುತ್ತಿತ್ತು.

ಆ ವಾರದಲ್ಲಿ ವನಪರ್ವದ ಆ ಭಾಗವನ್ನು ತೆಗೆದು ಓದಿದೆ. ಪೂರ್ವೋಪಕಾರಿ ಎಂಬ ಮೊದಲನೆಯ ಮಾತಿಗೇ ಕಣ್ಣು ನಿಂತಿತು. ನನ್ನ ಲೆಕ್ಕದಲ್ಲಿ 18,000 ರೂಪಾಯಿ ಬರೆದಿತ್ತು. ಎರಡು ವರ್ಷ ಬಾಡಿಗೆಯಿಲ್ಲದ ಜಾಗ, ಮೂರು ವಾರದ ಶುಶ್ರೂಷೆ ಬರೆದಿರಲಿಲ್ಲ. ಉಪಕಾರವು ಅಪರಾಧವನ್ನು ಅಳಿಸುವುದಿಲ್ಲ. ಪ್ರಹ್ಲಾದರೂ ಹಾಗೆ ಹೇಳಿಲ್ಲ. ಅಪರಾಧ ದೊಡ್ಡದೆಂದು ಒಪ್ಪಿಯೇ, ಉಪಕಾರವನ್ನು ಅದರ ಪಕ್ಕದಲ್ಲಿಟ್ಟು ತೂಗಲು ಹೇಳಿದ್ದಾರೆ. ಇದು ಅವನ ಮೊದಲನೆಯ ಅಪರಾಧವೂ ಹೌದು. ಉಳಿದದ್ದು ಒಂದೇ ಪ್ರಶ್ನೆ: ತಿಳಿದು ಮಾಡಿದನೋ, ತಿಳಿಯದೆ ಮಾಡಿದನೋ? ವ್ಯಾಪಾರ ಮುಳುಗಿ ಕಂತು ಕಟ್ಟಲಾಗಲಿಲ್ಲವೋ, ಅಥವಾ ಸಹಿ ಹಾಕಿಸುವಾಗಲೇ ಮನಸ್ಸಿನಲ್ಲಿ ಬೇರೆ ಇತ್ತೋ? ಪರೀಕ್ಷಿಸಿ ಎಂದು ಶಾಸ್ತ್ರವೇ ಹೇಳಿರುವುದರಿಂದ ಅವನನ್ನು ಕಂಡು ಕೇಳುವುದು ಕರ್ತವ್ಯವಾಯಿತು.

ಆದರೆ ಕೇಳುವ ರೀತಿಯೂ ಒಂದಿದೆ. ದ್ರೋಣ-ದ್ರುಪದರ ಕಥೆ ನಿಮಗೆಲ್ಲ ತಿಳಿದದ್ದೇ. ಬಾಲ್ಯದಲ್ಲಿ ಭರದ್ವಾಜರ ಆಶ್ರಮದಲ್ಲಿ ಕೂಡಿ ಆಡಿದವರು ಅವರು. ಮಗ ಅಶ್ವತ್ಥಾಮನು ಹಿಟ್ಟಿನ ನೀರನ್ನೇ ಹಾಲೆಂದು ಕುಡಿದು ಕುಣಿದದ್ದನ್ನು ಕಂಡು ದ್ರೋಣರು ಗೆಳೆಯನ ಬಳಿಗೆ ಹೋದರು. ಬಡವನಿಗೂ ರಾಜನಿಗೂ ಎಂಥ ಸ್ನೇಹವೆಂದು ದ್ರುಪದನು ಅವಮಾನಿಸಿದನು. ಮುಂದೆ ಅರ್ಜುನನು ದ್ರುಪದನನ್ನು ಸೆರೆಹಿಡಿದು ತಂದಾಗ ದ್ರೋಣರು ಅವನನ್ನು ಕೊಲ್ಲಲಿಲ್ಲ. ಗಂಗೆಯ ಉತ್ತರದ ಅಹಿಚ್ಛತ್ರದ ರಾಜ್ಯವನ್ನು ತಾವಿಟ್ಟುಕೊಂಡು ದಕ್ಷಿಣದ ಅರ್ಧವನ್ನು ಅವನಿಗೆ ಮರಳಿ ಕೊಟ್ಟರು. ಈಗ ನಾವಿಬ್ಬರೂ ಸಮಾನರು, ಮತ್ತೆ ಸ್ನೇಹಿತರಾಗೋಣ ಎಂದರು. ಕೇಳಲು ಇದು ಕ್ಷಮೆಯಂತೆಯೇ ಇದೆ. ಪ್ರಾಣ ಉಳಿಸಿದ್ದೂ ಉಂಟು, ರಾಜ್ಯ ಕೊಟ್ಟದ್ದೂ ಉಂಟು. ಆದರೆ ಹಗ್ಗ ಬಿಗಿದ ಕೈಗಳಿಂದ ಯಾರೂ ಸ್ನೇಹವನ್ನು ಸ್ವೀಕರಿಸಲಾರರು. ದ್ರುಪದನು ಬಾಯಲ್ಲಿ ಆಗಲಿ ಎಂದನು. ಮನೆಗೆ ಹೋಗಿ ದ್ರೋಣರನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿಸಿದನು. ಯುದ್ಧದಲ್ಲಿ ದ್ರೋಣರು ದ್ರುಪದನನ್ನು ಕೊಂದರು, ಧೃಷ್ಟದ್ಯುಮ್ನನು ದ್ರೋಣರ ತಲೆ ಕಡಿದನು, ಅಶ್ವತ್ಥಾಮನು ರಾತ್ರಿಯಲ್ಲಿ ಧೃಷ್ಟದ್ಯುಮ್ನನನ್ನು ಕೊಂದನು. ಎಲ್ಲಿಂದ ಎಲ್ಲಿಗೆ! ಇಬ್ಬರು ಬಾಲ್ಯಮಿತ್ರರ ಒಂದು ಮಾತು ಮಕ್ಕಳ ಕಾಲದವರೆಗೂ ರಕ್ತ ಹರಿಸಿತು.

ಇದರಿಂದ ನನಗೆ ಸ್ಪಷ್ಟವಾದದ್ದು ಇಷ್ಟು. ಅವನನ್ನು ಮಠದ ಪಂಕ್ತಿಯಲ್ಲಿ, ನಾಲ್ಕು ಜನರ ಎದುರು ನಿಲ್ಲಿಸಿ ಕೇಳಿದರೆ ಅದು ದ್ರೋಣರ ಸಂಧಾನವಾಗುತ್ತದೆ. ಆದ್ದರಿಂದ ಮನೆಗೇ ಬರಹೇಳಿದೆ. ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತು, ನಾನು, ನಮ್ಮ ಮನೆಯವರು, ಅವನು, ಮೂವರೇ ಕುಳಿತೆವು.

ನಾನು ಒಂದೇ ಪ್ರಶ್ನೆ ಕೇಳಿದೆ: “ಸಹಿ ಹಾಕಿಸುವಾಗ ನಿನಗೆ ಗೊತ್ತಿತ್ತೇ?” ಅವನು ಬಹಳ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು. ಅದಕ್ಕೂ ಮೊದಲೇ ಬೇರೆಡೆ ಸಾಲವಿತ್ತು. ನಿಮಗೆ ಹೇಳಿದ್ದರೆ ಸಹಿ ಹಾಕುತ್ತಿರಲಿಲ್ಲ ಎಂದು ಮುಚ್ಚಿಟ್ಟೆ” ಎಂದ. ಕೋಪ ಬರಬೇಕಾಗಿತ್ತು. ವಿಚಿತ್ರವೆಂದರೆ, ಎದೆಯ ಮೇಲಿನ ಭಾರ ಇಳಿಯಿತು. ಪ್ರಹ್ಲಾದರು ಬಿಡಬಾರದೆಂದದ್ದು, ತಿಳಿದು ಮಾಡಿ ತಿಳಿಯದೆ ಮಾಡಿದೆನೆಂಬ ವಂಚಕನನ್ನು. ಇವನು ತಿಳಿದೇ ಮಾಡಿದೆನೆಂದು ತಾನೇ ಹೇಳಿದ. ಪರಿಸ್ಥಿತಿ, ಗ್ರಹಚಾರ, ಹೆಂಡತಿಯ ಕಾಯಿಲೆ ಎಂದು ಯಾವುದನ್ನೂ ಮುಂದಿಡಲಿಲ್ಲ. ಎಲ್ಲವೂ ಹರಿಯ ಇಚ್ಛೆ ಎಂದೂ ಹೇಳಲಿಲ್ಲ.

ಈ ಕೊನೆಯ ಮಾತನ್ನು ನಮ್ಮವರು ಗಮನಿಸಬೇಕು. ಜೀವನು ಅಸ್ವತಂತ್ರ, ಶ್ರೀಹರಿಯೊಬ್ಬನೇ ಸ್ವತಂತ್ರ ಎಂಬುದು ನಮ್ಮ ಸಿದ್ಧಾಂತ. ಆದರೆ ಆಚಾರ್ಯರು ಜೀವನಿಗೆ ಕರ್ತೃತ್ವವೇ ಇಲ್ಲವೆನ್ನಲಿಲ್ಲ. ಅದು ಹರಿಯ ಅಧೀನವಾದ ಕರ್ತೃತ್ವ ಎಂದರು. ಹಾಗಿಲ್ಲದಿದ್ದರೆ ವಿಧಿನಿಷೇಧಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಆದ್ದರಿಂದ ಮೋಸ ಮಾಡಿದವನು ಹರಿಯ ಇಚ್ಛೆಯ ಹಿಂದೆ ಅಡಗುವಂತಿಲ್ಲ. ಮೋಸ ಹೋದವನೂ, ಅವನು ತಾಮಸಜೀವ, ಅವನ ಸ್ವಭಾವವೇ ಅಷ್ಟು ಎಂದು ತೀರ್ಪು ಕೊಟ್ಟು ಬಾಗಿಲು ಮುಚ್ಚುವಂತಿಲ್ಲ. ಜೀವರಲ್ಲಿ ತಾರತಮ್ಯವಿದೆಯೆಂಬುದು ಶಾಸ್ತ್ರದಿಂದ ಬಂದ ಜ್ಞಾನ. ಎದುರಿಗೆ ಕುಳಿತ ಈ ವ್ಯಕ್ತಿಯ ಸ್ವರೂಪ ಯಾವುದೆಂಬುದನ್ನು ಬಲ್ಲವನು ಬಿಂಬರೂಪಿ ಪರಮಾತ್ಮನೇ ಹೊರತು ಜಾಮೀನು ಹಣ ಕಳೆದುಕೊಂಡವನಲ್ಲ.

ಅವನು ಒಂದು ಲಕೋಟೆಯನ್ನು ಮುಂದಿಟ್ಟ. ಅದರಲ್ಲಿ 5,000 ರೂಪಾಯಿ ಇತ್ತು. ಉಳಿದದ್ದನ್ನು ತಿಂಗಳಿಗೆ 1,000ದಂತೆ ಕೊಡುತ್ತೇನೆ ಎಂದ. ನಾನು ಉದಾರತನದ ಉಬ್ಬಿನಲ್ಲಿ, “ಬೇಡ, ಬೇಡ, ಅದೆಲ್ಲ ಮುಗಿದುಹೋದ ಮಾತು” ಎಂದು ಹಿಂದಕ್ಕೆ ಸರಿಸಿದೆ. ಆಗ ನಮ್ಮ ಮನೆಯವರು ಮಧ್ಯೆ ಬಂದು, “ತೊಗೊಳ್ಳಿ. ಬೇಡ ಅಂದರೆ ಇವರು ಸಾಯೋತನಕ ಸಾಲಗಾರರಾಗೇ ಇರ್ತಾರೆ, ನೀವು ಸಾಯೋತನಕ ದೊಡ್ಡವರಾಗಿರ್ತೀರಿ. ಅಂಥ ಕ್ಷಮೆ ನಮಗೆ ಬೇಡ” ಎಂದರು. ನಲವತ್ತು ವರ್ಷ ಶಾಸ್ತ್ರ ಓದಿದ ನನಗೆ ಹೊಳೆಯದ ಮಾತು ಅದು. ಮನುಸ್ಮೃತಿಯೂ ಕದ್ದ ದ್ರವ್ಯವನ್ನು ಒಡೆಯನಿಗೆ ಮರಳಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಪಾಪವನ್ನು ತಾನೇ ಬಾಯಿಬಿಟ್ಟು ಹೇಳುವುದು, ಅದಕ್ಕಾಗಿ ಮನಸಾರೆ ಪರಿತಪಿಸುವುದು, ಇನ್ನು ಮಾಡುವುದಿಲ್ಲವೆಂದು ನಿಲ್ಲುವುದು, ಇವುಗಳಿಂದ ಮನುಷ್ಯ ಶುದ್ಧನಾಗುತ್ತಾನೆಂದೂ ಅದು ಹೇಳುತ್ತದೆ. ಹಣ ತೆಗೆದುಕೊಳ್ಳದಿದ್ದರೆ ನಾನು ಅವನ ಪ್ರಾಯಶ್ಚಿತ್ತಕ್ಕೇ ಅಡ್ಡಬಂದಂತಾಗುತ್ತಿತ್ತು. ತೆಗೆದುಕೊಂಡೆ. 13 ತಿಂಗಳಲ್ಲಿ ಉಳಿದ 13,000 ರೂಪಾಯಿ ತೀರಿತು. ಬಡ್ಡಿಯನ್ನು ನಾನು ಕೇಳಲಿಲ್ಲ. ಬಿಡಬೇಕಾದದ್ದನ್ನು ಅಲ್ಲಿ ಬಿಟ್ಟೆ.

ಇನ್ನೊಂದು ಮಾತನ್ನೂ ಅಂದೇ ಹೇಳಬೇಕಾಯಿತು. ನಾನು ಕ್ಷಮಿಸಬಹುದಾದದ್ದು ನನ್ನ ಪಾಲಿನದನ್ನು ಮಾತ್ರ. ಬಳೆಯ ವಿಷಯ ನಮ್ಮ ಮನೆಯವರದು. ಅದನ್ನು ಅವನು ಅವರ ಬಳಿಯೇ ಕೇಳಿಕೊಳ್ಳಬೇಕಾಗಿತ್ತು, ಕೇಳಿಕೊಂಡ. ಇನ್ನೊಬ್ಬ ಜಾಮೀನುದಾರರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಪರವಾಗಿ ‘ಆಯಿತು ಬಿಡು’ ಎನ್ನಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅವರ ಮಗನ ವಿಳಾಸ ಕೊಟ್ಟೆ. ಅಲ್ಲಿ ಅವನಿಗೆ ಸ್ವಾಗತ ಸಿಗಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದರು. ಹೋದದ್ದು ಸರಿ, ಅವರು ಒಪ್ಪದಿದ್ದುದೂ ಅವರ ಹಕ್ಕು. ಕ್ಷಮೆ ಕೇಳಿದವನಿಗೆ ಕ್ಷಮೆ ದೊರೆಯಲೇಬೇಕೆಂಬ ನಿಯಮವಿಲ್ಲ.

ಇಲ್ಲಿಗೆ ಮೊದಲನೆಯ ಪ್ರಶ್ನೆ ಮುಗಿಯಿತು. ಎರಡನೆಯದು ಉಳಿಯಿತು: ಇನ್ನು ಮುಂದೆ ಹೇಗೆ? ಇದಕ್ಕೆ ನನ್ನ ನೌಕರಿಯೇ ದಾರಿ ತೋರಿಸಿತು. ಹಳಿಯನ್ನು ಕಿತ್ತು ರಿಪೇರಿ ಮಾಡಿದ ಮೇಲೆ ರೈಲ್ವೆಯಲ್ಲಿ ಆ ಜಾಗದಲ್ಲಿ ಮೊದಲ ದಿನವೇ ಪೂರ್ಣ ವೇಗದಿಂದ ಗಾಡಿ ಓಡಿಸುವುದಿಲ್ಲ. ಚಾಲಕನ ಕೈಗೆ ಕಾಷನ್ ಆರ್ಡರ್ ಕೊಟ್ಟು, ಗಂಟೆಗೆ 20 ಕಿಲೋಮೀಟರಿನಂಥ ಕಡಿಮೆ ವೇಗದಲ್ಲಿ ದಾಟಿಸುತ್ತಾರೆ. ಗಾಡಿಗಳ ಭಾರ ಬಿದ್ದು ಜಲ್ಲಿ ಕೂತು ಗಟ್ಟಿಯಾದಂತೆ, ಇಂಜಿನಿಯರು ನೋಡಿ ನೋಡಿ ಹಂತ ಹಂತವಾಗಿ ವೇಗ ಏರಿಸುತ್ತಾನೆ. ನಿಧಾನವಾಗಿ ಹೋಗಿ ಎಂಬ ಆಜ್ಞೆಯಲ್ಲಿ ಹಳಿಯ ಮೇಲಿನ ಸಿಟ್ಟು ಇರುವುದಿಲ್ಲ. ಗಾಡಿಯನ್ನೇ ಓಡಿಸದಿದ್ದರೆ ಜಲ್ಲಿ ಗಟ್ಟಿಯಾಗುವುದೂ ಇಲ್ಲ.

ಹಾಗೆಯೇ ನಾನೂ ಕೆಲವು ಮಿತಿಗಳನ್ನು ಇಟ್ಟುಕೊಂಡೆ, ಅವನಿಗೂ ತಿಳಿಸಿದೆ. ನಮ್ಮಿಬ್ಬರ ನಡುವೆ ಸಾಲ, ಜಾಮೀನು, ಚೀಟಿಯ ವ್ಯವಹಾರ ಎಂದಿಗೂ ಬೇಡ. ಎರಡನೆಯ ಅಪರಾಧಕ್ಕೆ ಕ್ಷಮೆಯಿಲ್ಲವೆಂದು ಪ್ರಹ್ಲಾದರು ಹೇಳಿದ ಮೇಲೆ, ಆ ಅಪರಾಧಕ್ಕೆ ಅವಕಾಶವನ್ನೇ ಕೊಡದಿರುವುದು ಅವನಿಗೂ ಮಾಡುವ ಉಪಕಾರ. ಏಕಾದಶಿಗೆ, ಆರಾಧನೆಗೆ ಮಠದಲ್ಲಿ ಸೇರೋಣ. ಮನೆಗೆ ಬರುವುದು ಹೋಗುವುದು ಕಾಲಕ್ರಮದಲ್ಲಿ ನೋಡೋಣ. ನನ್ನ ಮಕ್ಕಳಿಗೆ ನಾನು ಹೇಳಿದ್ದು, ಅವರು ಬಂದರೆ ನಮಸ್ಕರಿಸಿರಿ, ಹಳೆಯದನ್ನು ಎತ್ತಬೇಡಿರಿ ಎಂದು. ನಾನು ಸ್ವತಃ ಕೈಗೊಂಡ ನಿಯಮ, ಆ ಕಥೆಯನ್ನು ಲೋಕಲ್ ಗಾಡಿಯಲ್ಲಿ ಇನ್ನು ಹೇಳುವುದಿಲ್ಲ ಎಂಬುದು. ಇಂದು ಇಲ್ಲಿ ಬರೆದಿರುವುದು ಅವನ ಒಪ್ಪಿಗೆ ಪಡೆದೇ.

ಎಲ್ಲರಿಗೂ ಈ ಎರಡನೆಯ ಹೆಜ್ಜೆ ಅವಶ್ಯವೆಂದು ಯಾರೂ ತಿಳಿಯಬಾರದು. ಅದೇ ವನಪರ್ವದಲ್ಲಿ, ಪಾಂಡವರನ್ನು ಹಂಗಿಸಲೆಂದೇ ದ್ವೈತವನಕ್ಕೆ ಬಂದ ದುರ್ಯೋಧನನನ್ನು ಗಂಧರ್ವರು ಸೆರೆಹಿಡಿದಾಗ ಧರ್ಮರಾಜನು ತಮ್ಮಂದಿರನ್ನು ಕಳುಹಿಸಿ ಬಿಡಿಸಿದನು. ಪ್ರತೀಕಾರಕ್ಕೆ ಅದಕ್ಕಿಂತ ಸುಲಭವಾದ ಘಳಿಗೆ ಇರಲಿಲ್ಲ; ಸುಮ್ಮನಿದ್ದರೆ ಸಾಕಾಗಿತ್ತು. ಆದರೂ ಬಿಡಿಸಿದನು. ಹಾಗೆಂದು ಅವನ ಸಂಗಡ ಹಸ್ತಿನಾವತಿಗೆ ಹೊರಡಲಿಲ್ಲ, ಅವನ ಮಾತನ್ನು ನಂಬಲಿಲ್ಲ, ತನ್ನ ರಾಜ್ಯದ ಹಕ್ಕನ್ನೂ ಬಿಡಲಿಲ್ಲ. ಬಿಡಿಸಿಕೊಂಡವನಲ್ಲಿ ಪಶ್ಚಾತ್ತಾಪ ಹುಟ್ಟಲಿಲ್ಲ, ಅವಮಾನವೊಂದೇ ಹುಟ್ಟಿತು. ತಪ್ಪನ್ನು ಒಪ್ಪದವನು, ಕೊಂಡದ್ದನ್ನು ಮರಳಿಸದವನು, ಕೇಳಿದರೆ ನಮ್ಮನ್ನೇ ದೂರುವವನು, ಅಥವಾ ಹತ್ತಿರ ಬಂದರೆ ಹೆಂಡತಿಮಕ್ಕಳಿಗೆ ಅಪಾಯ ತರುವವನು ಇದ್ದರೆ, ಮನಸ್ಸಿನಲ್ಲಿ ಕ್ಷಮಿಸಿ, ಕಷ್ಟದಲ್ಲಿ ನೆರವಾಗಿ, ದೂರದಲ್ಲೇ ಇರುವುದು ಧರ್ಮರಾಜನ ಮಾರ್ಗ. ಅದರಲ್ಲಿ ಕ್ಷಮಾಗುಣಕ್ಕೆ ಕೊರತೆಯೇನೂ ಇಲ್ಲ.

ಪಶ್ಚಾತ್ತಾಪ ಪಡುವವರ ಕಡೆಯ ಆದರ್ಶಕ್ಕೆ ನಮ್ಮ ದಾಸಪರಂಪರೆಯಲ್ಲೇ ದೃಷ್ಟಾಂತವಿದೆ. ಮಾನವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಅಭಿಮಾನದಿಂದ ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರೆಂದೂ, ಆ ನೋವು ನಿಜವಾಗಿಯೇ ಅವರನ್ನು ಹಿಡಿಯಿತೆಂದೂ ಐತಿಹ್ಯ. ಅವರು ಪಾಂಡಿತ್ಯವನ್ನು ಪಕ್ಕಕ್ಕಿಟ್ಟು ವಿಜಯದಾಸರಿದ್ದಲ್ಲಿಗೆ ಹೋಗಿ ಶರಣಾದರು. ವಿಜಯದಾಸರು ಹಳೆಯದನ್ನು ಎತ್ತಿ ನಿಂದಿಸದೆ, ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೇ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಆ ಪಂಡಿತರೇ ಮುಂದೆ ಹರಿಕಥಾಮೃತಸಾರವನ್ನು ಕೊಟ್ಟ ಜಗನ್ನಾಥದಾಸರು. ಅಲ್ಲಿ ಮುರಿದ ಸಂಬಂಧ ಹಳೆಯ ರೂಪದಲ್ಲಿ ಮರಳಲಿಲ್ಲ. ಪಂಡಿತನಾಗಿ ದಾಸರನ್ನು ಕಂಡಿದ್ದವರು ಶಿಷ್ಯರಾಗಿ ಮರಳಿದರು. ಹಿಂದಿನಂತೆಯೇ ಆಗಬೇಕೆಂಬ ಹಟ ನಮಗೂ ಬೇಡ. ಮರಳಿ ಬಂದ ಸಂಬಂಧಕ್ಕೆ ಬೇರೆ ರೂಪವಿರಬಹುದು.

ನಮ್ಮ ಸ್ನೇಹವೂ ಹಿಂದಿನಂತೆ ಆಗಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಯಾರಾದರೂ ಕಾಗದ ಮುಂದಿಟ್ಟು ಸಹಿ ಹಾಕಿ ಎಂದರೆ ಇಂದಿಗೂ ನನ್ನ ಕೈ ತಡೆಯುತ್ತದೆ. ಕೆಲವು ವಿಷಯಗಳನ್ನು ಅವನೆದುರು ಆಡುವುದಿಲ್ಲ. ಆದರೆ ಕಳೆದ ವರ್ಷ ಆರಾಧನೆಯ ದಿನ ನಾವಿಬ್ಬರೂ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ನಾನು ಹುಗ್ಗಿಯ ಪಾತ್ರೆ ಹಿಡಿದು ತಡವರಿಸಿದ್ದನ್ನು ನೋಡಿ ಅವನು ಥಟ್ಟನೆ, “ಏ, ನೀನು ಕೂತ್ಕೋ, ನಾ ಬಡಿಸ್ತೀನಿ” ಎಂದ. ಆಮೇಲೆ ತಾನೇ ನಾಚಿ ಸುಮ್ಮನಾದ. ನಾನು ಪಾತ್ರೆಯನ್ನು ಅವನ ಕೈಗೆ ಕೊಟ್ಟು ಪಂಕ್ತಿಯಲ್ಲಿ ಕುಳಿತೆ.

ಠಾಣೆಯ ಆ ಗೃಹಸ್ಥರಿಗೆ ನಾನು ಹೇಳಿದ್ದೂ ಇಷ್ಟೇ. ಇಂದೇ ಬಾ ಎನ್ನಬೇಡಿರಿ, ಬೇಡ ಎಂದೂ ಅನ್ನಬೇಡಿರಿ. ಮೊದಲು ಅವನ ಉಪಕಾರವನ್ನೂ ಅಪಕಾರವನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ. ಆಮೇಲೆ ಏಕಾಂತದಲ್ಲಿ ಕುಳಿತು ಕೇಳಿರಿ, ಅವನು ತಿಳಿದು ಮಾಡಿದನೋ ತಿಳಿಯದೆಯೋ ಎಂದು. ಅವನ ಉತ್ತರದಲ್ಲಿ ನಿಮ್ಮ ಮುಂದಿನ ದಾರಿ ಇದೆ.

ಶ್ರೀಕೃಷ್ಣಾರ್ಪಣಮಸ್ತು.